ಹೊಸ ಫೋನ್ ಕೈಗೆ ಬಂದ ದಿನವೇ ನೋಡಬೇಕಾದದ್ದು: ಚುಕ್ಕೆ, ಟಚ್, ಸೆನ್ಸರ್, ವಾರಂಟಿ

ತೀರ್ಥಹಳ್ಳಿಯಲ್ಲಿರುವ ಅಪ್ಪನಿಗೆ ಆನ್‌ಲೈನಿನಲ್ಲಿ ಒಂದು ಫೋನ್ ತರಿಸಿಕೊಟ್ಟಿದ್ದೆ. ಬಂದ ದಿನವೇ ಸಿಮ್ ಹಾಕಿ, ವಾಟ್ಸ್ಆ್ಯಪ್ ಇಳಿಸಿ, ಮೇಲೊಂದು ಟೆಂಪರ್ಡ್ ಗ್ಲಾಸ್ ಅಂಟಿಸಿ ಬೆಂಗಳೂರಿಗೆ ವಾಪಸಾದೆ. ಹದಿನಾರನೇ ದಿನ ಊರಿಗೆ ಹೋದಾಗ ನೋಡಿದರೆ ಅಪ್ಪ ಪರದೆಯನ್ನು ಮೇಲೆ ಸರಿಸುವಾಗ ಪ್ರತಿಸಲವೂ ಒಂದೇ ಜಾಗದಲ್ಲಿ ತಡವರಿಸುತ್ತಿದ್ದರು. ಕೇಳಿದ್ದಕ್ಕೆ, "ನನ್ನ ಬೆರಳೇ ಒರಟು ಮಾರಾಯ, ಅಡಿಕೆ ಸುಲಿದೂ ಸುಲಿದೂ ಹೀಗಾಗಿದೆ. ಫೋನಿಗೇನೂ ಆಗಿಲ್ಲ" ಅಂದರು. ಬೆರಳು ಒರಟಾಗಿದ್ದದ್ದು ನಿಜ, ಆದರೆ ತಪ್ಪು ಬೆರಳಿನದಾಗಿರಲಿಲ್ಲ. ಪರದೆಯ ಅಡ್ಡಕ್ಕೆ ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ ಸುಮಾರು ನಾಲ್ಕು ಮಿಲಿಮೀಟರ್ ಅಗಲದ ಪಟ್ಟಿಯೊಂದು ಮೊದಲ ದಿನದಿಂದಲೇ ಸತ್ತಿತ್ತು. ಬದಲಿ ಫೋನ್ ಕೇಳಲು ಮಾರಾಟಗಾರ ಕೊಟ್ಟಿದ್ದ ಏಳು ದಿನ ಮುಗಿದು ಒಂದು ವಾರದ ಮೇಲಾಗಿತ್ತು. ಹೊಸ ಫೋನನ್ನು ಸರ್ವಿಸ್ ಸೆಂಟರಿನಲ್ಲಿ ಬಿಚ್ಚಿಸಿ ಡಿಸ್‌ಪ್ಲೇ ಬದಲಿಸಿಕೊಳ್ಳಬೇಕಾಯಿತು.

ಅಂದಿನಿಂದ ಮನೆಯಲ್ಲಿ ಯಾರಿಗೆ ಫೋನ್ ಬಂದರೂ ಮೊದಲ ದಿನ ಎರಡು ಗಂಟೆ ಇದಕ್ಕೇ ಮೀಸಲು. ಇಲ್ಲಿ ಬರೆಯುತ್ತಿರುವುದು ಆಂಡ್ರಾಯ್ಡ್ ಫೋನಿಗೆ ನಾನು ಅನುಸರಿಸುವ ಕ್ರಮ. ಐಫೋನಿಗೆ ಬೇರೆ ಇರುವಲ್ಲಿ ಅದನ್ನೂ ಹೇಳಿದ್ದೇನೆ.

ಫೋನ್ ಖಾಲಿ ಇರುವಾಗಲೇ ಪರೀಕ್ಷೆ

ಎಲ್ಲಕ್ಕಿಂತ ಮುಖ್ಯವಾದ ನಿಯಮ ಇದು: ಪರೀಕ್ಷೆ ಮುಗಿಯುವ ತನಕ ಹಳೆಯ ಫೋನಿನಿಂದ ಏನನ್ನೂ ಹೊಸದಕ್ಕೆ ಸಾಗಿಸಬೇಡಿ. ವಾಟ್ಸ್ಆ್ಯಪ್ ಬೇಡ, ಫೋಟೋ ಬೇಡ, ಫೋನ್‌ಪೇ, ಗೂಗಲ್ ಪೇ, ಬ್ಯಾಂಕ್ ಆ್ಯಪ್ ಯಾವುದೂ ಬೇಡ. ಯುಪಿಐ ಆ್ಯಪ್‌ಗಳು ಸಿಮ್‌ಗೂ ಫೋನಿಗೂ ಗಂಟು ಹಾಕಿಕೊಳ್ಳುತ್ತವೆ, ಫೋನ್ ಬದಲಾದರೆ ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಬೇಕು. ಒಮ್ಮೆ ಇಷ್ಟೆಲ್ಲ ತುಂಬಿಸಿದ ಮೇಲೆ ಪರದೆಯಲ್ಲೊಂದು ಚುಕ್ಕೆ ಕಂಡರೂ "ಇರಲಿ ಬಿಡು, ಒಂದು ಚುಕ್ಕೆ ತಾನೇ" ಎಂದು ಮನಸ್ಸೇ ರಾಜಿಯಾಗಿಬಿಡುತ್ತದೆ. ಖಾಲಿ ಫೋನನ್ನು ವಾಪಸ್ ಕೊಡುವುದಕ್ಕೆ ಯಾವ ಸಂಕಟವೂ ಇರುವುದಿಲ್ಲ.

ಟೆಂಪರ್ಡ್ ಗ್ಲಾಸ್ ಕೂಡ ನಾಳೆಗೆ. ಕಂಪನಿಯೇ ಅಂಟಿಸಿ ಕಳಿಸಿದ ತೆಳು ಹಾಳೆ ಇದ್ದರೆ ಹಾಗೇ ಇರಲಿ. ಆದರೆ ಹೊರಗಿನ ಗ್ಲಾಸ್ ಅಂಟಿಸಿದ ಮೇಲೆ ಟಚ್ ತಡವರಿಸಿದರೆ ತಪ್ಪು ಗ್ಲಾಸಿನದೋ ಫೋನಿನದೋ ಎಂದು ನಿಮಗೂ ತಿಳಿಯದು, ಸರ್ವಿಸ್ ಸೆಂಟರಿನವರೂ ಮೊದಲು ಅದನ್ನೇ ದೂರುತ್ತಾರೆ.

ಬಾಗಿಲಲ್ಲಿ ಮತ್ತು ಡಬ್ಬದ ಮೇಲೆ

ನಿಮ್ಮ ಆರ್ಡರಿಗೆ ಓಪನ್ ಬಾಕ್ಸ್ ಡೆಲಿವರಿ ಇದ್ದರೆ, ಡಬ್ಬ ತೆರೆದು ಫೋನನ್ನು ಕಣ್ಣಾರೆ ನೋಡಿದ ಮೇಲಷ್ಟೇ ಒಟಿಪಿ ಹೇಳಿ. ಅಲ್ಲಿ ನೋಡಲಾಗುವುದು ಒಡೆದಿಲ್ಲ, ಮಾಡೆಲ್ ಸರಿಯಿದೆ ಎಂಬುದಷ್ಟನ್ನೇ. ಚುಕ್ಕೆ, ಟಚ್ ನೋಡಲು ಡೆಲಿವರಿ ಹುಡುಗನಿಗೆ ಸಮಯವಿರುವುದಿಲ್ಲ, ಆತನನ್ನು ಕಾಯಿಸುವುದೂ ಸರಿಯಲ್ಲ. ಮುಚ್ಚಿದ ಡಬ್ಬ ಬಂದರೆ ಮನೆಯವರೊಬ್ಬರ ಕೈಗೆ ಹಳೆಯ ಫೋನ್ ಕೊಟ್ಟು ವಿಡಿಯೊ ಮಾಡಿಸಿ. ಕೊರಿಯರ್ ಕವರಿನ ಮೇಲಿನ ಚೀಟಿಯಿಂದ ಶುರುವಾಗಿ, ಡಬ್ಬದ ಸೀಲ್, ಅದನ್ನು ಕತ್ತರಿಸುವುದು, ಫೋನ್ ಹೊರತೆಗೆಯುವುದು, ಮೊದಲ ಸಲ ಆನ್ ಆಗುವುದು, ಎಲ್ಲವೂ ಎಲ್ಲೂ ತುಂಡಾಗದ ಒಂದೇ ವಿಡಿಯೊದಲ್ಲಿ ಇರಬೇಕು. ನಡುವೆ ನಿಲ್ಲಿಸಿ ಮತ್ತೆ ಶುರು ಮಾಡಿದ ವಿಡಿಯೊವನ್ನು ಯಾರೂ ಒಪ್ಪುವುದಿಲ್ಲ.

ಡಬ್ಬದ ಮೇಲಿನ ಚೀಟಿಯಲ್ಲಿ ತಯಾರಾದ ತಿಂಗಳು, ಎಂಆರ್‌ಪಿ, ಮತ್ತು ಫೋನಿನ ಗುರುತಾದ 15 ಅಂಕಿಯ ಐಎಂಇಐ ಸಂಖ್ಯೆ ಇರುತ್ತದೆ. ಎರಡು ಸಿಮ್ ಹಾಕುವ ಫೋನಿಗೆ ಎರಡು ಐಎಂಇಐ. ಫೋನನ್ನು ಇಂಟರ್ನೆಟ್ಟಿಗೆ ಜೋಡಿಸುವ ಮೊದಲೇ, ಹಳೆಯ ಫೋನಿನಿಂದ ಈ ಸಂದೇಶ ಕಳಿಸಿ. KYM ಎಂದು ಬರೆದು, ಒಂದು ಜಾಗ ಬಿಟ್ಟು, ನಿಮ್ಮ ಡಬ್ಬದ ಮೇಲಿನ ಐಎಂಇಐ ಬರೆದು 14422ಕ್ಕೆ ಕಳಿಸಬೇಕು:

```
KYM 123456789012345
```

ಇದು ಕೇಂದ್ರದ ದೂರಸಂಪರ್ಕ ಇಲಾಖೆಯ ವ್ಯವಸ್ಥೆ. ಆ ಐಎಂಇಐ ಯಾವ ಕಂಪನಿಯ ಯಾವ ಮಾಡೆಲ್ಲಿಗೆ ಸೇರಿದ್ದು ಎಂಬ ಉತ್ತರ ಬರುತ್ತದೆ. ಸಂಚಾರ್ ಸಾಥಿ ಆ್ಯಪ್ ಮತ್ತು `sancharsaathi.gov.in` ತಾಣದಲ್ಲೂ ಇದನ್ನೇ ನೋಡಬಹುದು. ಉತ್ತರದಲ್ಲಿ ಬೇರೆ ಮಾಡೆಲ್ ಹೆಸರು ಬಂದರೆ, ಅಥವಾ black-listed, duplicate, already in use ಎಂಬ ಮಾತು ಕಂಡರೆ ಮುಂದಿನ ಪರೀಕ್ಷೆಯೇ ಬೇಡ, ನೇರ ವಾಪಸ್.

ಆಮೇಲೆ ಫೋನ್ ಆನ್ ಮಾಡಿ ಡಯಲರಿನಲ್ಲಿ `*#06#` ಒತ್ತಿ. ಪರದೆಯ ಮೇಲೆ ಬಂದ ಸಂಖ್ಯೆ, ಡಬ್ಬದ ಮೇಲಿನ ಸಂಖ್ಯೆ, ಬಿಲ್ಲಿನಲ್ಲಿರುವ ಸಂಖ್ಯೆ, ಮೂರೂ ಒಂದೇ ಇರಬೇಕು. ಬಿಲ್ಲನ್ನು ಮರೆಯುವವರೇ ಹೆಚ್ಚು. ಅದರಲ್ಲಿ ಐಎಂಇಐ ತಪ್ಪಾಗಿ ಅಚ್ಚಾಗಿದ್ದರೆ ಹನ್ನೊಂದನೇ ತಿಂಗಳಲ್ಲಿ ಫೋನ್ ಕೆಟ್ಟಾಗ ಆ ಬಿಲ್ ಈ ಫೋನಿನದೇ ಎಂದು ತೋರಿಸುವುದು ಕಷ್ಟವಾಗುತ್ತದೆ.

ಪರದೆಯ ಚುಕ್ಕೆ

1080×2400 ಅಳತೆಯ ಪರದೆಯಲ್ಲಿ 25,92,000 ಪಿಕ್ಸೆಲ್‌ಗಳು, ಅಂದರೆ ಬೆಳಗುವ ಚುಕ್ಕೆಗಳು, ಇರುತ್ತವೆ. ಒಂದೊಂದು ಚುಕ್ಕೆಯೂ ಕೆಂಪು, ಹಸಿರು, ನೀಲಿ ಕಣಗಳ ಬೆಳಕಿನಿಂದ ಆದದ್ದು. ಕೆಡುವಾಗ ಬಹಳ ಸಲ ಇಡೀ ಚುಕ್ಕೆ ಕೆಡುವುದಿಲ್ಲ, ಒಂದು ಬಣ್ಣದ ಕಣ ಮಾತ್ರ ಕೆಡುತ್ತದೆ. ಅದಕ್ಕೇ ಬರೀ ಬಿಳಿ ಪರದೆ ನೋಡಿ ಸಮಾಧಾನಪಟ್ಟುಕೊಳ್ಳುವಂತಿಲ್ಲ. ಕೆಂಪು, ಹಸಿರು, ನೀಲಿ, ಬಿಳಿ, ಕಪ್ಪು, ಬೂದು ಇಷ್ಟನ್ನೂ ಒಂದೊಂದಾಗಿ ಪರದೆ ತುಂಬ ತೋರಿಸಿ ನೋಡಬೇಕು.

ಸ್ಯಾಮ್‌ಸಂಗ್ ಫೋನಿನಲ್ಲಿ ಡಯಲರಿಗೆ ಹೋಗಿ `*#0*#` ಒತ್ತಿದರೆ ಪರೀಕ್ಷೆಯ ಪುಟವೇ ತೆರೆಯುತ್ತದೆ. ಅಲ್ಲಿ Red, Green, Blue ಎಂಬ ಗುಂಡಿಗಳಿವೆ. ಶಿಯೋಮಿ, ರೆಡ್ಮಿಗಳಲ್ಲಿ `*#*#6484#*#*` ಒತ್ತಬೇಕು. ಈ ಸಂಖ್ಯೆಗಳು ಕೆಲಸ ಮಾಡದಿದ್ದರೆ, ಅಥವಾ ನಿಮ್ಮ ಫೋನ್ ಬೇರೆ ಕಂಪನಿಯದಾದರೆ, ಪ್ಲೇ ಸ್ಟೋರಿನಲ್ಲಿ dead pixel test ಎಂದು ಹುಡುಕಿದರೆ ಬಣ್ಣ ತೋರಿಸುವ ಚಿಕ್ಕ ಆ್ಯಪ್‌ಗಳು ಸಿಗುತ್ತವೆ. ಬಣ್ಣ ತೋರಿಸುವ ಆ್ಯಪಿಗೆ ಕಾಂಟ್ಯಾಕ್ಟ್, ಲೊಕೇಶನ್ ಅನುಮತಿ ಯಾಕೆ ಬೇಕು? ಕೇಳಿದರೆ ಕೊಡಬೇಡಿ.

ಮೊದಲು ಪರದೆಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಕಣ್ಣಿಗೆ ಹಿತವಾಗಲೆಂದು ಪರದೆಯನ್ನು ಹಳದಿ ಮಾಡುವ ಸೆಟ್ಟಿಂಗ್, ಬೆಳಕನ್ನು ತಾನೇ ಹೆಚ್ಚುಕಮ್ಮಿ ಮಾಡುವ ಸೆಟ್ಟಿಂಗ್ ಎರಡನ್ನೂ ಆಫ್ ಮಾಡಿ, ಬೆಳಕನ್ನು ಪೂರ್ತಿ ಏರಿಸಿ. ಒಂದೊಂದು ಬಣ್ಣಕ್ಕೂ ಅರ್ಧ ನಿಮಿಷ ಕೊಡಿ. ಪರದೆಯನ್ನು ಮನಸ್ಸಿನಲ್ಲೇ ನಾಲ್ಕು ಭಾಗ ಮಾಡಿಕೊಂಡು ಒಂದೊಂದನ್ನೇ ನೋಡಿ. ಇಡೀ ಪರದೆಯನ್ನು ಒಟ್ಟಿಗೆ ನೋಡಿದರೆ ಕಣ್ಣು ತಪ್ಪಿಸಿಕೊಳ್ಳುತ್ತದೆ. ಓದುವ ಕನ್ನಡಕ ಇದ್ದವರು ಹಾಕಿಕೊಳ್ಳಿ.

ಕಂಡದ್ದನ್ನು ಅರ್ಥಮಾಡಿಕೊಳ್ಳುವುದು ಹೀಗೆ. ಎಲ್ಲ ಬಣ್ಣದಲ್ಲೂ ಒಂದೇ ಜಾಗದಲ್ಲಿ ಕಪ್ಪಾಗಿ ಕಾಣುವುದು ಪೂರ್ತಿ ಸತ್ತ ಚುಕ್ಕೆ. ಹಸಿರಿನಲ್ಲಿ ಮಾತ್ರ ಕಪ್ಪಾಗಿ, ಬಿಳಿಯಲ್ಲಿ ನೇರಳೆ ಛಾಯೆಯಲ್ಲಿ ಕಂಡರೆ ಅಲ್ಲಿ ಹಸಿರು ಕಣ ಸತ್ತಿದೆ. ಕಪ್ಪು ಪರದೆಯಲ್ಲಿ ಒಂದು ಬಿಂದು ಕೆಂಪಗೋ ಹಸಿರಾಗಿಯೋ ಹೊಳೆಯುತ್ತಿದ್ದರೆ ಆ ಕಣ ಉರಿದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದೆ. ಈ ಕಪ್ಪು ಪರದೆಯನ್ನು ದೀಪ ಆರಿಸಿದ ಕೋಣೆಯಲ್ಲೇ ನೋಡಬೇಕು. ಅಮೊಲೆಡ್ ಪರದೆಯಾದರೆ ಫೋನ್ ಆಫ್ ಆದಷ್ಟೇ ಗಾಢ ಕಪ್ಪು ಕಾಣುತ್ತದೆ, ಯಾಕೆಂದರೆ ಕಪ್ಪು ಇರುವಲ್ಲಿ ಚುಕ್ಕೆ ನಿಜವಾಗಿಯೂ ಆರಿರುತ್ತದೆ. ಎಲ್‌ಸಿಡಿ ಆದರೆ ಹಿಂದಿನ ದೀಪದಿಂದ ಪರದೆಯೆಲ್ಲ ಸ್ವಲ್ಪ ಬೂದಾಗಿಯೇ ಕಾಣುತ್ತದೆ. ಅದು ದೋಷವಲ್ಲ. ಒಂದು ಮೂಲೆಯಿಂದ ಬೆಳಕು ಸೋರಿದ ಹಾಗೆ ಬೆಳ್ಳಗಿದ್ದರೆ ಮಾತ್ರ ದೂರು ಕೊಡಿ.

ಅದೇ ಕತ್ತಲಲ್ಲಿ ಬೆಳಕನ್ನು ಪೂರ್ತಿ ಇಳಿಸಿ ಬೂದು ಬಣ್ಣ ನೋಡಿ. ಅಮೊಲೆಡ್‌ನಲ್ಲಿ ಒಂದು ಬದಿ ಹಸಿರು, ಇನ್ನೊಂದು ಬದಿ ಗುಲಾಬಿ ಆಗಿರುವುದು, ಉದ್ದುದ್ದ ಗೆರೆ ಇರುವುದು ಈ ಪರೀಕ್ಷೆಯಲ್ಲಷ್ಟೇ ಬಯಲಾಗುತ್ತದೆ. ಹಗಲು ಬೆಳಕಿನಲ್ಲಿ ಅಂಗಡಿಯಲ್ಲಿ ನೋಡಿದರೆ ಎಂದೂ ಕಾಣುವುದಿಲ್ಲ. ರಾತ್ರಿ ಮಲಗುವ ಮುಂಚೆ ಓದುವವರಿಗೆ ಮಾತ್ರ ದಿನವೂ ಕಾಡುತ್ತದೆ.

ಕಂಡದ್ದು ಚುಕ್ಕೆಯೋ ಧೂಳೋ ಎಂಬ ಅನುಮಾನ ಬಂದರೆ ಫೋನನ್ನು ಓರೆ ಮಾಡಿ. ಅಂಟಿಸಿದ ಹಾಳೆಯ ಕೆಳಗಿನ ಧೂಳಾದರೆ ಹಿಂದಿನ ಚಿತ್ರದ ಮೇಲೆ ಅದರ ಜಾಗ ತುಸು ಸರಿದಂತೆ ಕಾಣುತ್ತದೆ, ಸತ್ತ ಚುಕ್ಕೆ ಸರಿಯುವುದಿಲ್ಲ. ಇನ್ನೊಂದು ಉಪಾಯ ಸ್ಕ್ರೀನ್‌ಶಾಟ್. ಸ್ಕ್ರೀನ್‌ಶಾಟ್ ತೆಗೆದು ಬೇರೆ ಫೋನಿಗೆ ಕಳಿಸಿ ನೋಡಿದಾಗ ಅಲ್ಲೂ ಚುಕ್ಕೆ ಕಂಡರೆ ಅದು ತಂತ್ರಾಂಶದ್ದು, ಪರದೆಯದ್ದಲ್ಲ. ಪರದೆಯ ದೋಷ ಸ್ಕ್ರೀನ್‌ಶಾಟ್‌ನಲ್ಲಿ ಎಂದೂ ಬರುವುದಿಲ್ಲ. ಹಾಗಾಗಿ ದೂರು ಕೊಡುವಾಗ ಸ್ಕ್ರೀನ್‌ಶಾಟ್ ಕಳಿಸಿ ಪ್ರಯೋಜನವಿಲ್ಲ, ಇನ್ನೊಂದು ಫೋನಿನಿಂದ ಹತ್ತಿರದ ಫೋಟೋ ತೆಗೆಯಬೇಕು.

ಸಿಕ್ಕಿಕೊಂಡ ಚುಕ್ಕೆಯನ್ನು ಬಿಡಿಸಲು ಬಣ್ಣಗಳನ್ನು ಪಟಪಟನೆ ಮಿನುಗಿಸುವ ವಿಡಿಯೊಗಳಿವೆ, ಹೆಬ್ಬೆರಳಿನಿಂದ ಒತ್ತಿ ಎಂದು ಹೇಳುವವರೂ ಇದ್ದಾರೆ. ವಾಪಸ್ ಕೊಡುವ ಅವಧಿ ಇರುವಾಗ ಎರಡನ್ನೂ ಮಾಡಬೇಡಿ. ಒಂದೇ ಒಂದು ಚುಕ್ಕೆಗೆ ವಾರಂಟಿಯಲ್ಲಿ ಡಿಸ್‌ಪ್ಲೇ ಬದಲಿಸಲು ಸರ್ವಿಸ್ ಸೆಂಟರಿನವರು "ಇಷ್ಟು ನಮ್ಮ ಮಿತಿಯೊಳಗಿದೆ" ಎನ್ನಬಹುದು, ಕಂಪನಿಗಳಿಗೆ ಅವವೇ ಮಿತಿಗಳಿರುತ್ತವೆ. ಮೊದಲ ವಾರದಲ್ಲಿ ಮಾರಾಟಗಾರನ ಹತ್ತಿರ ಅದೇ ಚುಕ್ಕೆಗೆ ಬದಲಿ ಫೋನ್ ಕೇಳುವುದು ಹೆಚ್ಚು ಸುಲಭ.

ಟಚ್ ಸತ್ತ ಜಾಗ

ಗಾಜಿನ ಕೆಳಗೆ ಕಣ್ಣಿಗೆ ಕಾಣದ ಸಣ್ಣ ವಾಹಕ ಗೆರೆಗಳು ಅಡ್ಡಕ್ಕೂ ಉದ್ದಕ್ಕೂ ಚಾಪೆಯ ಹೆಣಿಗೆಯ ಹಾಗೆ ಹಾದುಹೋಗಿರುತ್ತವೆ. ಬೆರಳು ಬಂದಾಗ ಹತ್ತಿರದ ಗೆರೆಗಳ ನಡುವಿನ ವಿದ್ಯುದಾವೇಶ ಬದಲಾಗುತ್ತದೆ, ಅದರಿಂದ ಜಾಗ ಲೆಕ್ಕ ಹಾಕುತ್ತಾರೆ. ಒಂದು ಗೆರೆಯ ಸಂಪರ್ಕ ಕಡಿದರೆ ಆ ಗೆರೆಯುದ್ದಕ್ಕೂ ಟಚ್ ಸಾಯುತ್ತದೆ. ಹೀಗಾಗಿ ತಯಾರಿಕೆಯ ದೋಷವಾದರೆ ಸತ್ತ ಜಾಗ ಸಾಮಾನ್ಯವಾಗಿ ನೇರ ಪಟ್ಟಿಯ ರೂಪದಲ್ಲೇ ಇರುತ್ತದೆ. ಇದು ತಿಳಿದಿದ್ದರೆ ಹುಡುಕುವುದು ಸುಲಭ: ಅಡ್ಡ ಪಟ್ಟಿ ಸಿಗಬೇಕಾದರೆ ಬೆರಳು ಮೇಲಿನಿಂದ ಕೆಳಕ್ಕೆ ಹೋಗಬೇಕು, ಉದ್ದ ಪಟ್ಟಿ ಸಿಗಬೇಕಾದರೆ ಎಡದಿಂದ ಬಲಕ್ಕೆ.

ಯಾವ ಆಂಡ್ರಾಯ್ಡ್ ಫೋನಿನಲ್ಲೂ ಇದಕ್ಕೆ ಸಾಧನ ಒಳಗೇ ಇದೆ. Settings ಒಳಗೆ About phone ತೆರೆದು Build number ಮೇಲೆ ಏಳು ಸಲ ತಟ್ಟಿ. ರೆಡ್ಮಿಯಂಥ ಫೋನುಗಳಲ್ಲಿ Build number ಬದಲು ಕಂಪನಿಯ ತಂತ್ರಾಂಶದ ಆವೃತ್ತಿಯ ಹೆಸರಿನ ಮೇಲೆ ತಟ್ಟಬೇಕು. ಆಗ Developer options ಎಂಬ ಹೊಸ ಪುಟ ಬರುತ್ತದೆ, ಅದರಲ್ಲಿ Pointer location ಆನ್ ಮಾಡಿ. ಬೆರಳು ಇಟ್ಟಲ್ಲೆಲ್ಲ ಗೆರೆ ಮೂಡುತ್ತದೆ, ಪರದೆಯ ಮೇಲ್ತುದಿಯಲ್ಲಿ P, X, Y ಎಂಬ ಸಂಖ್ಯೆಗಳು ಓಡುತ್ತವೆ. P ಅಂದರೆ ಈಗ ಎಷ್ಟು ಬೆರಳು ಪರದೆಯ ಮೇಲಿವೆ ಎಂಬ ಲೆಕ್ಕ. X ಅಡ್ಡ ಅಳತೆ, Y ಮೇಲಿನಿಂದ ಕೆಳಕ್ಕೆ ಅಳತೆ.

ಒಂದು ಎಚ್ಚರಿಕೆ. ಅಂಚಿನಿಂದ ಸರಿಸಿದರೆ ಹಿಂದಕ್ಕೆ ಹೋಗುವ ಜೆಸ್ಚರ್ ವ್ಯವಸ್ಥೆ ಆನ್ ಇದ್ದರೆ ಅಂಚಿನಲ್ಲಿ ಗೆರೆ ಎಳೆಯುವಾಗ ಪುಟವೇ ಹಿಂದೆ ಹೋಗಿಬಿಡುತ್ತದೆ. ಅದನ್ನು ಸತ್ತ ಜಾಗ ಎಂದು ತಪ್ಪು ತಿಳಿದು ಫೋನ್ ವಾಪಸ್ ಕಳಿಸಿದವರನ್ನು ನಾನು ಬಲ್ಲೆ. ಪರೀಕ್ಷೆಯ ಹೊತ್ತಿಗೆ ಕೆಳಗೆ ಮೂರು ಗುಂಡಿ ಬರುವ ವ್ಯವಸ್ಥೆಗೆ ಬದಲಿಸಿಕೊಳ್ಳಿ.

ಈಗ ಖಾಲಿ ಪುಟವೊಂದನ್ನು ತೆರೆದು ಕಿರುಬೆರಳಿನ ತುದಿಯಿಂದ ನಿಧಾನವಾಗಿ ಗೆರೆ ಎಳೆಯಿರಿ. ಹೆಬ್ಬೆರಳು ಬೇಡ. ಅದು ಏಕಕಾಲಕ್ಕೆ ಎರಡು ಮೂರು ವಾಹಕ ಗೆರೆಗಳನ್ನು ಮುಟ್ಟುವುದರಿಂದ ನಡುವಿನ ಸತ್ತ ಗೆರೆಯನ್ನು ಮುಚ್ಚಿಹಾಕುತ್ತದೆ. ಎಡ ಅಂಚಿನಿಂದ ಶುರು ಮಾಡಿ, ಒಂದರ ಪಕ್ಕ ಒಂದು ಅರ್ಧ ಸೆಂಟಿಮೀಟರ್ ಬಿಟ್ಟು ಮೇಲಿನಿಂದ ಕೆಳಕ್ಕೆ, ಆಮೇಲೆ ಹಾಗೆಯೇ ಎಡದಿಂದ ಬಲಕ್ಕೆ, ಕೊನೆಗೆ ಮೂಲೆಯಿಂದ ಮೂಲೆಗೆ. ಗೆರೆ ನಯವಾಗಿ ಹರಿಯಬೇಕು. ಒಂದು ಕಡೆ ಗೆರೆ ಥಟ್ಟನೆ ಹಾರಿದರೆ, ಮೆಟ್ಟಿಲಿನ ಹಾಗೆ ಮುರಿದರೆ, ಅಥವಾ ಬೆರಳು ಎತ್ತದಿದ್ದರೂ ಹಳೆಯ ಗೆರೆ ಅಳಿಸಿಹೋಗಿ ಹೊಸದು ಶುರುವಾದರೆ ಅಲ್ಲಿ ನಿಲ್ಲಿ.

ಅಪ್ಪನ ಫೋನಿನಲ್ಲಿ ಆದದ್ದನ್ನೇ ಹೇಳುತ್ತೇನೆ. ಮೇಲಿನಿಂದ ಕೆಳಕ್ಕೆ ಎಳೆದಾಗ Y ಸಂಖ್ಯೆ 1490ರ ತನಕ ಒಂದೊಂದಾಗಿ ಏರಿ ಅಲ್ಲಿಂದ ನೇರ 1555ಕ್ಕೆ ಹಾರಿತು. ಅಕಸ್ಮಾತ್ ಇರಬಹುದೆಂದು ಬೆರಳನ್ನು ಎರಡು ಸೆಂಟಿಮೀಟರ್ ಬಲಕ್ಕೆ ಸರಿಸಿ ಮತ್ತೆ ಎಳೆದೆ, ಅದೇ 1490, ಅದೇ 1555. ಬಲ ಅಂಚಿನ ಹತ್ತಿರವೂ ಅಷ್ಟೇ. ಬೆರಳಿನ ತಪ್ಪಾದರೆ ಸಂಖ್ಯೆ ಪ್ರತಿಸಲ ಬದಲಾಗುತ್ತಿತ್ತು. ಮೂರು ಕಡೆಯೂ ಒಂದೇ ಸಂಖ್ಯೆ ಬಂದದ್ದೇ ಪುರಾವೆ. ಆ ನಡುವಿನ ಜಾಗದಲ್ಲಿ ಕಿರುಬೆರಳಿನ ತುದಿಯಿಂದ ಮೆಲ್ಲಗೆ ತಟ್ಟಿದರೆ P ಸೊನ್ನೆಯಲ್ಲೇ ಇತ್ತು. ಆ 6.6 ಇಂಚಿನ ಪರದೆಯಲ್ಲಿ 65 ಚುಕ್ಕೆ ಎಂದರೆ ಸುಮಾರು ನಾಲ್ಕು ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ವಾಹಕ ಗೆರೆಯ ಪಾಲಿನ ಅಗಲ. ಅದು ಇದ್ದದ್ದು ಕೀಬೋರ್ಡಿನ ನೆತ್ತಿಯ ಮೇಲೆ, ಯಾವ ಗುಂಡಿಯೂ ಸಾಮಾನ್ಯವಾಗಿ ಬಾರದ ಜಾಗದಲ್ಲಿ. ಬರೆಯುವಾಗ, ಕರೆ ಮಾಡುವಾಗ ಏನೂ ಗೊತ್ತಾಗದೆ ಸರಿಸುವಾಗ ಮಾತ್ರ ತಡವರಿಸುತ್ತಿದ್ದದ್ದು ಅದಕ್ಕೇ. ಈ ಮೂರು ಗೆರೆಯ ವಿಡಿಯೊ ತೋರಿಸಿದ ಮೇಲೆ ಸರ್ವಿಸ್ ಸೆಂಟರಿನಲ್ಲಿ ಒಂದು ಮಾತೂ ವಾದ ನಡೆಯಲಿಲ್ಲ.

ಸ್ಯಾಮ್‌ಸಂಗ್‌ನ `*#0*#` ಪುಟದಲ್ಲೂ Touch ಎಂಬ ಪರೀಕ್ಷೆ ಇದೆ, ಬೆರಳು ಹೋದಲ್ಲಿ ಚೌಕಗಳು ಹಸಿರಾಗುತ್ತವೆ. ಅದು ಅಂಚಿನ ಸುತ್ತ ಮತ್ತು ಮೂಲೆಯಿಂದ ಮೂಲೆಗೆ ಇರುವ ಚೌಕಗಳನ್ನು ಮುಖ್ಯವಾಗಿ ನೋಡುವುದರಿಂದ ಅದರ ಜೊತೆ Pointer location ಪರೀಕ್ಷೆಯನ್ನೂ ಮಾಡುವುದು ಒಳ್ಳೆಯದು.

ಇದರ ತಿರುವುಮುರುವು ದೋಷ ಭೂತ ಟಚ್: ಯಾರೂ ಮುಟ್ಟದೆ ಫೋನ್ ತಾನೇ ಒತ್ತಿಕೊಳ್ಳುವುದು. Pointer location ಆನ್ ಇಟ್ಟು ಫೋನನ್ನು ಮೇಜಿನ ಮೇಲೆ ಐದು ನಿಮಿಷ ಬಿಡಿ, ಪರದೆ ಆರದಂತೆ ನೋಡಿಕೊಳ್ಳಿ. P ಸೊನ್ನೆಯಲ್ಲೇ ಇರಬೇಕು. ಆಮೇಲೆ ಚಾರ್ಜರಿಗೆ ಹಾಕಿ ಇನ್ನೈದು ನಿಮಿಷ. ಚಾರ್ಜಿಗೆ ಹಾಕಿದಾಗ ಮಾತ್ರ ಗೆರೆಗಳು ತಾವೇ ಮೂಡಿದರೆ ಮೊದಲು ಚಾರ್ಜರನ್ನೋ ಪ್ಲಗ್ ಪಾಯಿಂಟನ್ನೋ ಬದಲಿಸಿ ನೋಡಿ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ, ಕಳಪೆ ಚಾರ್ಜರಿನಲ್ಲಿ ಒಳ್ಳೆಯ ಫೋನೂ ಹೀಗೆ ಆಡುತ್ತದೆ. ಕಂಪನಿಯದೇ ಚಾರ್ಜರಿನಲ್ಲಿ, ಬೇರೆ ಮನೆಯಲ್ಲೂ ಹೀಗೇ ಆದರೆ ದೋಷ ಫೋನಿನದು.

ಸೆನ್ಸರ್‌ಗಳು

ಈ ಹಂತಕ್ಕೆ ಬರುವ ಹೊತ್ತಿಗೆ ಸಿಮ್ ಹಾಕಬಹುದು. ಸೆನ್ಸರ್‌ಗಳ ಸಂಖ್ಯೆ ನೋಡಲು ನಾನು ಬಳಸುವುದು phyphox ಎಂಬ ಆ್ಯಪ್. ಜರ್ಮನಿಯ ಆಖೆನ್ ನಗರದ ವಿಶ್ವವಿದ್ಯಾಲಯದವರು ಭೌತವಿಜ್ಞಾನದ ವಿದ್ಯಾರ್ಥಿಗಳಿಗಾಗಿ ಮಾಡಿದ್ದು, ಉಚಿತ, ಜಾಹೀರಾತಿಲ್ಲ.

ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟು ಗುರುತ್ವ ಸಹಿತ ವೇಗೋತ್ಕರ್ಷದ ಪುಟ ತೆರೆಯಿರಿ. z ಎಂಬಲ್ಲಿ 9.8ರ ಆಸುಪಾಸು, x ಮತ್ತು y ಸೊನ್ನೆಯ ಹತ್ತಿರ ಇರಬೇಕು. ಆಮೇಲೆ ಫೋನನ್ನು ಬಲ ಅಂಚಿನ ಮೇಲೆ, ಕೆಳ ಅಂಚಿನ ಮೇಲೆ ನಿಲ್ಲಿಸಿದರೆ ಆ 9.8 ಒಂದರಿಂದ ಇನ್ನೊಂದಕ್ಕೆ ದಾಟಬೇಕು. ಇಲ್ಲಿ ನೋಡಬೇಕಾದ ಸೂಕ್ಷ್ಮವೊಂದಿದೆ: ಆರೋಗ್ಯವಾಗಿರುವ ಸೆನ್ಸರಿನ ಕೊನೆಯ ಅಂಕಿಗಳು ಎಂದೂ ಸುಮ್ಮನಿರುವುದಿಲ್ಲ, ಫೋನ್ ಅಲುಗಾಡದಿದ್ದರೂ ಸಣ್ಣಗೆ ನಡುಗುತ್ತಿರುತ್ತವೆ. ಮೂರು ದಶಮಾಂಶದವರೆಗೂ ಕಲ್ಲಿನಂತೆ ನಿಂತ ಸಂಖ್ಯೆ ಕಂಡರೆ ಸೆನ್ಸರ್ ಸತ್ತಿದೆ ಅಥವಾ ಸಿಕ್ಕಿಕೊಂಡಿದೆ. ಬೆಳಕಿನ ಸೆನ್ಸರ್ ಮತ್ತು ಕಿವಿಯ ಹತ್ತಿರದ ಪ್ರಾಕ್ಸಿಮಿಟಿ ಸೆನ್ಸರಿಗೆ ಮಾತ್ರ ಈ ಮಾತು ಹೊಂದದು, ಅವು ಬದಲಾವಣೆ ಆದಾಗಷ್ಟೇ ವರದಿ ಮಾಡುತ್ತವೆ.

ತಿರುಗುವಿಕೆಯನ್ನು ಅಳೆಯುವ ಜೈರೋಸ್ಕೋಪ್ ನಿಶ್ಚಲವಾಗಿದ್ದಾಗ ಸೊನ್ನೆಯ ಹತ್ತಿರ, ತಿರುಗಿಸಿದಾಗ ಏರಬೇಕು. ಕಡಿಮೆ ಬೆಲೆಯ ಹಲವು ಫೋನುಗಳಲ್ಲಿ ಅದು ಇರುವುದೇ ಇಲ್ಲ, ಹಾಗಾಗಿ ಕಾಣದಿದ್ದರೆ ದೂರುವ ಮೊದಲು ಕಂಪನಿಯ ವಿವರಪಟ್ಟಿ ನೋಡಿ. ದಿಕ್ಸೂಚಿಯ ಕಾಂತ ಸೆನ್ಸರ್ ನಮ್ಮ ಕಡೆ ಒಟ್ಟಾರೆ ಸುಮಾರು 40 ಮೈಕ್ರೊಟೆಸ್ಲಾ ತೋರಿಸಬೇಕು. 200, 300 ಬಂದರೆ ಗಾಬರಿಯಾಗಬೇಡಿ. ಕಬ್ಬಿಣದ ಮೇಜಿನಿಂದ, ಅಯಸ್ಕಾಂತದ ಕವರಿನಿಂದ ದೂರ ಹೋಗಿ, ಗಾಳಿಯಲ್ಲಿ 8ರ ಆಕಾರದಲ್ಲಿ ನಾಲ್ಕಾರು ಸಲ ತಿರುಗಿಸಿ ಮತ್ತೆ ನೋಡಿ. ದುಬಾರಿ ಫೋನಿನಲ್ಲಿ ವಾಯುಭಾರ ಸೆನ್ಸರ್ ಇದ್ದರೆ ಅದನ್ನು ನಿಮ್ಮ ಊರಿನ ಎತ್ತರವೇ ಪರೀಕ್ಷಿಸಿಕೊಡುತ್ತದೆ: ಮಂಗಳೂರಿನಲ್ಲಿ 1010 ಹೆಕ್ಟೊಪ್ಯಾಸ್ಕಲ್ ಸಮೀಪ, ಬೆಂಗಳೂರಿನಲ್ಲಿ 910ರ ಸಮೀಪ. ಬೆಂಗಳೂರಿನಲ್ಲಿ ಕೂತು 1010 ಕಂಡರೆ ಸೆನ್ಸರ್ ಸುಳ್ಳು ಹೇಳುತ್ತಿದೆ.

ಪ್ರಾಕ್ಸಿಮಿಟಿಗೆ ಆ್ಯಪ್‌ಗಿಂತ ನಿಜವಾದ ಕರೆಯೇ ಒಳ್ಳೆಯ ಪರೀಕ್ಷೆ. ಮನೆಯವರಿಗೆ ಕರೆ ಮಾಡಿ ಹತ್ತು ಸಲ ಫೋನನ್ನು ಕಿವಿಗೆ ಒಯ್ದು ತೆಗೆಯಿರಿ. ಪ್ರತಿಸಲವೂ ಪರದೆ ಆರಿ, ತೆಗೆದ ಕೂಡಲೇ ಹತ್ತಬೇಕು. ಇದು ಸರಿಯಿಲ್ಲದಿದ್ದರೆ ಮಾತಿನ ನಡುವೆ ಕೆನ್ನೆ ತಾಗಿ ಕರೆ ಕಟ್ ಆಗುತ್ತದೆ, ಮ್ಯೂಟ್ ಆಗುತ್ತದೆ. ಕೆಲವು ಅಗ್ಗದ ಫೋನುಗಳಲ್ಲಿ ನಿಜವಾದ ಸೆನ್ಸರ್ ಬದಲು ತಂತ್ರಾಂಶದ ಲೆಕ್ಕವಷ್ಟೇ ಇರುವುದರಿಂದ ಹತ್ತರಲ್ಲಿ ಎರಡು ಸಲ ತಪ್ಪುತ್ತದೆ. ಅಂಥ ಫೋನಿಗೆ ಬದಲಿ ಕೊಟ್ಟರೂ ಅದೂ ಹಾಗೇ ಇರುತ್ತದೆ, ಸಹಿಸಲಾಗದಿದ್ದರೆ ಮಾಡೆಲ್ಲನ್ನೇ ಬದಲಿಸಬೇಕು. ಅದೇ ಕರೆಯಲ್ಲಿ ಕಿವಿಯ ಸ್ಪೀಕರ್, ಕೆಳಗಿನ ಮೈಕ್, ಸ್ಪೀಕರ್ ಫೋನ್ ಮೂರನ್ನೂ ಕೇಳಿ, ಎರಡನೇ ಸಿಮ್ ಕಿಂಡಿಯಲ್ಲೂ ಒಮ್ಮೆ ಸಿಮ್ ಹಾಕಿ ನೋಡಿ. ಜಿಪಿಎಸ್ ಪರೀಕ್ಷೆಗೆ ಮಹಡಿಯ ಮೇಲೆ ಹೋಗಿ. ಹೊಸ ಫೋನ್ ಮೊದಲ ಸಲ ಉಪಗ್ರಹ ಹಿಡಿಯಲು ಕೆಲವು ನಿಮಿಷ ತೆಗೆದುಕೊಂಡರೆ ಅದು ಸಹಜ.

ವಾರಂಟಿ ಯಾವ ದಿನದಿಂದ?

ವಾರಂಟಿಗೆ ಎರಡು ದಿನಾಂಕ ಇರುತ್ತವೆ. ಒಂದು ಬಿಲ್ಲಿನ ದಿನಾಂಕ. ಇನ್ನೊಂದು, ಫೋನ್ ಮೊದಲ ಸಲ ಇಂಟರ್ನೆಟ್ಟಿಗೆ ಬಂದಾಗ ಕಂಪನಿಯ ದಾಖಲೆಯಲ್ಲಿ ತಾನಾಗಿ ಬೀಳುವ ಆ್ಯಕ್ಟಿವೇಶನ್ ದಿನಾಂಕ. ಸೀಲ್ ಇರುವ ಹೊಸ ಫೋನಿಗೆ ಎರಡನೆಯದು ನೀವು ಆನ್ ಮಾಡಿದ ದಿನವೇ ಆಗಿರಬೇಕು. ಎರಡು ತಿಂಗಳ ಹಿಂದಿನದಾಗಿದ್ದರೆ ಆ ಫೋನನ್ನು ಯಾರೋ ಮೊದಲೇ ತೆರೆದಿದ್ದಾರೆ: ಮಾರಾಟದ ಗುರಿ ಮುಟ್ಟಲು ಅಂಗಡಿಯವರೇ ಆ್ಯಕ್ಟಿವೇಟ್ ಮಾಡಿ ಇಟ್ಟಿರಬಹುದು, ಗಿರಾಕಿ ವಾಪಸ್ ಕೊಟ್ಟದ್ದೂ ಇರಬಹುದು.

ನೋಡುವುದು ಹೀಗೆ. ಫೋನನ್ನು ವೈಫೈಗೆ ಜೋಡಿಸುವ ಮೊದಲು ಕಂಪನಿಯ ತಾಣದ ವಾರಂಟಿ ಪುಟದಲ್ಲಿ ಐಎಂಇಐ ಹಾಕಿ. ದಾಖಲೆ ಇಲ್ಲ ಅಥವಾ ಇನ್ನೂ ಆ್ಯಕ್ಟಿವೇಟ್ ಆಗಿಲ್ಲ ಎಂದು ಬರುವುದೇ ಒಳ್ಳೆಯ ಉತ್ತರ. ಆ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಸೆಟಪ್ ಮುಗಿಸಿದ ಮೇಲೆ ಮತ್ತೆ ನೋಡಿ. ಕೆಲವು ಕಂಪನಿಗಳ ಫೋನಿನ Settings ಒಳಗೇ ವಾರಂಟಿ ಕಾರ್ಡಿನ ಪುಟವಿರುತ್ತದೆ, ಸ್ಯಾಮ್‌ಸಂಗ್‌ಗೆ Samsung Members ಆ್ಯಪ್ ಇದೆ. ದಿನಾಂಕ ಮೂಡಲು ಒಂದೆರಡು ದಿನ ಹಿಡಿಯಬಹುದು, ಹಾಗಾಗಿ ಮೂರನೇ ದಿನಕ್ಕೊಂದು ನೆನಪಿನ ಗಂಟೆ ಇಟ್ಟುಕೊಳ್ಳಿ.

ಐಫೋನಿಗೆ `checkcoverage.apple.com` ತಾಣದಲ್ಲಿ ಸೀರಿಯಲ್ ಸಂಖ್ಯೆ ಹಾಕಬೇಕು. ಜೊತೆಗೆ About ಪುಟದಲ್ಲಿ Model Number ಮೊದಲ ಅಕ್ಷರ ನೋಡಿ. M ಅಂದರೆ ಹೊಸದಾಗಿ ಮಾರಿದ್ದು, F ಅಂದರೆ ರಿಪೇರಿ ಮಾಡಿ ಮತ್ತೆ ಮಾರಿದ್ದು, N ಅಂದರೆ ಬದಲಿಯಾಗಿ ಕೊಟ್ಟದ್ದು. ಐಫೋನ್ 15 ಮತ್ತು ಅದರ ನಂತರದವುಗಳಲ್ಲಿ ಬ್ಯಾಟರಿಯನ್ನು ಮೊದಲು ಬಳಸಿದ ದಿನ, ಎಷ್ಟು ಸಲ ಚಾರ್ಜ್ ಆಗಿದೆ ಎಂಬುದೂ ಕಾಣುತ್ತದೆ. ಹೊಸದೆಂದು ಬಂದ ಫೋನಿನಲ್ಲಿ ಚಾರ್ಜಿನ ಲೆಕ್ಕ 40 ಇದ್ದರೆ ಉಳಿದದ್ದನ್ನು ಕೇಳುವ ಅಗತ್ಯವಿಲ್ಲ.

ದುಬೈಯಿಂದಲೋ ಅಮೆರಿಕದಿಂದಲೋ ಮನೆಯವರು ತಂದುಕೊಟ್ಟ ಆಂಡ್ರಾಯ್ಡ್ ಫೋನಾದರೆ ಇನ್ನೊಂದು ಮಾತು. ಬಹುಪಾಲು ಕಂಪನಿಗಳ ವಾರಂಟಿ ಕೊಂಡ ದೇಶಕ್ಕೇ ಸೀಮಿತ. ಅಂಥ ಫೋನನ್ನು ತರುವವರು ಅಲ್ಲಿಂದ ಹೊರಡುವ ಮೊದಲೇ ಈ ಪರೀಕ್ಷೆ ಮುಗಿಸಬೇಕು.

ದೋಷ ಸಿಕ್ಕರೆ

ಅದೇ ದಿನ ದೂರು ದಾಖಲಿಸಿ, ನಾಳೆಗೆ ಬಿಡಬೇಡಿ. ಕರೆ ಮಾಡಿ ಮಾತಾಡಿದರೂ ಆ್ಯಪಿನಲ್ಲೋ ಇ-ಮೇಲಿನಲ್ಲೋ ಬರಹದಲ್ಲಿ ಒಮ್ಮೆ ಹೇಳಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. "ಟಚ್ ಸರಿಯಿಲ್ಲ" ಎಂದು ಬರೆದರೆ ಫೋನ್ ರೀಸ್ಟಾರ್ಟ್ ಮಾಡಿ ಎಂಬ ಉತ್ತರ ಬರುತ್ತದೆ. ಹೀಗೆ ಬರೆಯಿರಿ: "Pointer location ಪರೀಕ್ಷೆಯಲ್ಲಿ Y 1490ರಿಂದ 1555ರವರೆಗೆ ಪರದೆಯ ಅಡ್ಡಕ್ಕೂ ಸ್ಪರ್ಶ ದಾಖಲಾಗುತ್ತಿಲ್ಲ. ರೀಸ್ಟಾರ್ಟ್ ಮತ್ತು ಫ್ಯಾಕ್ಟರಿ ರೀಸೆಟ್ ಮಾಡಿದ ಮೇಲೂ ಹಾಗೇ ಇದೆ. ವಿಡಿಯೊ ಲಗತ್ತಿಸಿದೆ." ಫೋನ್ ಖಾಲಿ ಇರುವುದರಿಂದ ರೀಸೆಟ್ ಮಾಡಲು ನಿಮಗೆ ಐದು ನಿಮಿಷ ಸಾಕು, ಅವರು ಕೇಳುವ ಮೊದಲೇ ಮಾಡಿಬಿಡಿ.

ಕೆಲವು ಮಾರಾಟಗಾರರು ಕಂಪನಿಯ ಸರ್ವಿಸ್ ಸೆಂಟರಿನಿಂದ ಡಿಒಎ ಪತ್ರ ತನ್ನಿ ಎನ್ನುತ್ತಾರೆ. ಬಂದಾಗಲೇ ಕೆಟ್ಟಿತ್ತು ಎಂಬ ಪ್ರಮಾಣಪತ್ರ ಅದು. ಹೋಗುವಾಗ ಬಿಲ್, ಡಬ್ಬ, ಚಾರ್ಜರ್ ಎಲ್ಲ ಒಯ್ಯಿರಿ. ಕೌಂಟರಿನಲ್ಲಿ "ಇಲ್ಲೇ ರಿಪೇರಿ ಮಾಡಿಕೊಡುತ್ತೇವೆ" ಎಂದರೆ ಒಪ್ಪುವ ಮೊದಲು ಯೋಚಿಸಿ. ಜಾಬ್ ಶೀಟಿಗೆ ರಿಪೇರಿ ಎಂದು ಸಹಿ ಹಾಕಿದ ಮೇಲೆ ಬದಲಿ ಫೋನ್ ಕೇಳುವ ದಾರಿ ಕಿರಿದಾಗುತ್ತದೆ. ಡಬ್ಬ ಮತ್ತು ಅದರ ಮೇಲಿನ ಐಎಂಇಐ ಚೀಟಿಯನ್ನು ವಾಪಸ್ ಕೊಡುವ ಅವಧಿ ಮುಗಿಯುವವರೆಗಾದರೂ ಎಸೆಯಬೇಡಿ.

ಮಾರಾಟಗಾರ ಮತ್ತು ಕಂಪನಿ ಒಬ್ಬರ ಮೇಲೊಬ್ಬರು ಹಾಕಿ ದಿನ ದೂಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ಅಲ್ಲೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು. ಮಾರಾಟಗಾರ ದೆಹಲಿಯಲ್ಲಿದ್ದರೂ ನೀವು ಅಲ್ಲಿಗೆ ಹೋಗಬೇಕಿಲ್ಲ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ.

ಎಲ್ಲ ಸರಿಯಿದ್ದರೆ Pointer location ಆಫ್ ಮಾಡಿ, Developer options ಅನ್ನೂ ಪೂರ್ತಿ ಆಫ್ ಮಾಡಿ. ಅದು ಆನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದೇ ಇಲ್ಲ. ಆಮೇಲೆ ಹಳೆಯ ಫೋನಿನ ವಾಟ್ಸ್ಆ್ಯಪ್, ಫೋಟೋ, ಯುಪಿಐ ಒಂದೊಂದಾಗಿ ಬರಲಿ. ಟೆಂಪರ್ಡ್ ಗ್ಲಾಸ್ ಅಂಟಿಸುವುದು ಎಲ್ಲಕ್ಕಿಂತ ಕೊನೆಗೆ. ಅಂಟಿಸಿದ ಮೇಲೆ ಇನ್ನೊಂದೇ ಒಂದು ಕರೆ ಮಾಡಿ, ಕಿವಿಗಿಟ್ಟಾಗ ಪರದೆ ಆರುತ್ತದೆಯೇ ನೋಡಿ. ಆರದಿದ್ದರೆ ಗ್ಲಾಸು ಸೆನ್ಸರಿನ ಮೇಲೆ ಕೂತಿದೆ, ತೆಗೆದು ಸರಿಯಾಗಿ ಅಂಟಿಸಿಕೊಳ್ಳಿ.